ಒಂದು ಲಕ್ಷ ಹನ್ನೆರಡು ಸಾವಿರದ ಅರ್ಜಿ

ದಾವಣಗೆರೆ, 14 ಜೂನ್ 2025, ಶನಿವಾರ

ಮಧ್ಯಾಹ್ನದ ಊಟ ಮುಗಿಸಿ ವಾರದ ಬಾಕಿ ಪಟ್ಟಿ ಹರಡಿಕೊಂಡು ಕುಳಿತಿದ್ದೆ. ಅಕ್ಕನ ಮಗಳು ಮಳೆಯಲ್ಲಿ ಅರ್ಧ ನೆನೆದು ಬಂದಳು. ಅವಳು ನೆನೆದಿದ್ದರೂ ಪ್ಲಾಸ್ಟಿಕ್ ಚೀಲದೊಳಗಿದ್ದ ಹಾಳೆ ನೆನೆದಿರಲಿಲ್ಲ. ಈ ವರ್ಷ ಬಿ.ಕಾಂ. ಮುಗಿಸಿದ್ದಾಳೆ. ಸೋಪು, ಬಿಸ್ಕತ್ತು ಮಾರುವ ಕಂಪನಿಯೊಂದು ಸೇಲ್ಸ್ ಟ್ರೈನಿ ಕೆಲಸಕ್ಕೆ ಅರ್ಜಿ ಕರೆದಿದೆ, ಮಂಗಳವಾರ ಕೊನೆಯ ದಿನ.

"ಮಾವ, ಕವರಿಂಗ್ ಲೆಟರ್ ಒಂದು ಸಲ ನೋಡಿಕೊಡಿ. ವ್ಯಾಕರಣ ತಪ್ಪಿದ್ದರೆ ಹೇಳಿ" ಎಂದಳು.

ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಂಗಡಿ ಸುತ್ತುವ ಕೆಲಸದಲ್ಲಿದ್ದೇನೆ, ಹೊಸಬರ ಸಂದರ್ಶನಕ್ಕೂ ಆಗಾಗ ನನ್ನನ್ನು ಕೂರಿಸುತ್ತಾರೆ. ಇಂಥ ಪತ್ರಗಳನ್ನು ನೋಡಿ ನೋಡಿ ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಇವಳ ಪತ್ರದಲ್ಲಿ ಎರಡನೆಯ ಪ್ಯಾರಾದಲ್ಲಿ ನಿಂತಿತು. ಇಂಗ್ಲಿಷಿನಲ್ಲಿದ್ದ ಆ ಮಾತಿನ ಸಾರ ಇಷ್ಟು: ತನ್ನ ನಾಯಕತ್ವದಲ್ಲಿ ಕಾಲೇಜಿನ ವಾಣಿಜ್ಯ ಸಂಘ ಸರ್ಕಾರಿ ಶಾಲೆಯೊಂದಕ್ಕೆ ಬೆಂಚು ಕೊಡಿಸಲು 1,12,000 ರೂಪಾಯಿ ಸಂಗ್ರಹಿಸಿತು. ಗುರಿ ಇದ್ದದ್ದು 75,000, ಆದ್ದರಿಂದ ಶೇಕಡ 149 ಸಾಧನೆ.

"ಸಂಘದಲ್ಲಿ ಹಣ ಎತ್ತಲು ಓಡಾಡಿದವರು ಎಷ್ಟು ಜನ?"

"ಹನ್ನೆರಡು."

"ಎಲ್ಲರೂ ಅರ್ಜಿ ಹಾಕುತ್ತಿದ್ದೀರಾ?"

"ನಾವು ನಾಲ್ಕು ಜನ ಹಾಕುತ್ತಿದ್ದೇವೆ."

ಹಾಗಾದರೆ ಒಂದೇ ಮೇಜಿನ ಮೇಲೆ ನಾಲ್ಕು ಪತ್ರ, ನಾಲ್ಕರಲ್ಲೂ 1,12,000, ನಾಲ್ಕರಲ್ಲೂ ನಾಯಕತ್ವ! ಅದನ್ನು ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಇಳಿಯಿತು. ಆದರೆ ನನ್ನ ಮುಖ್ಯ ತಕರಾರು ಅದಾಗಿರಲಿಲ್ಲ. ಒಟ್ಟು ಮೊತ್ತ ಹೇಳಿದವರನ್ನು ನಾವು ಸಂದರ್ಶನದಲ್ಲಿ ಮೊದಲು ಕೇಳುವುದು, ಅದರಲ್ಲಿ ಅತಿ ದೊಡ್ಡ ಗಂಟು ಯಾವುದು, ಯಾರಿಂದ ಬಂತು ಎಂದು. ಕೇಳಿದೆ. ಸಂಘ ಹಣ ಎತ್ತಿದ್ದು ಸ್ಮರಣ ಸಂಚಿಕೆಯೊಂದರ ಜಾಹೀರಾತಿನಿಂದ. ಅದರ ಹಿಂಬದಿ ರಕ್ಷಾಪುಟಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರು 40,000 ಕೊಟ್ಟಿದ್ದರಂತೆ. ಅವರದು ಅಕ್ಕಿ ಗಿರಣಿ. ಸಂಘ ನೋಡಿಕೊಳ್ಳುವ ಲೆಕ್ಚರರ್ ಒಂದು ಫೋನ್ ಮಾಡಿದ್ದರು, ಅಷ್ಟೇ. ಅದನ್ನು ಕಳೆದರೆ ಉಳಿದದ್ದು 72,000. ಗುರಿಗಿಂತ ಮೂರು ಸಾವಿರ ಕಡಿಮೆ. ಶೇಕಡ 149 ಅಲ್ಲಿಗೆ ಮುಗಿಯಿತು.

"ಈ 72,000ದಲ್ಲಿ ನಿನ್ನದೆಷ್ಟು?"

ಅವಳಿಗೆ ಬಾಯಿಲೆಕ್ಕ ಇರಲಿಲ್ಲ. ಚೀಲದಿಂದ ಉದ್ದನೆಯ ನೋಟ್‌ಬುಕ್ ಒಂದನ್ನು ತೆಗೆದಳು. ಅದನ್ನು ಮೊದಲೇ ತೋರಿಸಿದ್ದರೆ ಪತ್ರವನ್ನು ನಾನು ಓದುತ್ತಲೇ ಇರಲಿಲ್ಲ.

ಪ್ರತಿ ಸಾಲಿಗೆ ಒಂದು ಅಂಗಡಿ. ಮುಂದೆ ಮಾತಾಡಿದವರು ಯಾರು (ಯಜಮಾನರೋ, ಮಗನೋ, ಗುಮಾಸ್ತನೋ), ಹೋದ ದಿನ, ಏನು ಹೇಳಿದರು. "ಶೆಟ್ಟರು, ಊಟದ ನಂತರ ಬಾ ಎಂದರು." "ಮಗ ಒಪ್ಪಿದ, ಅಪ್ಪ ಬೇಡ ಎಂದರು." "ಮಂಗಳವಾರ, ಶುಕ್ರವಾರ ಹಣ ಕೊಡುವುದಿಲ್ಲ." ನಮ್ಮ ಹುಡುಗರಿಗೆ ಅಂಗಡಿ ಸುತ್ತಿನ ಬೀಟ್ ಪುಸ್ತಕ ಹೀಗೆ ಬರೆಯಿರಿ ಎಂದು ಆರು ತಿಂಗಳು ಬಡಿದುಕೊಳ್ಳುತ್ತೇನೆ. ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಂಡಿಪೇಟೆಗೆ ಹೋಗಿ, ಬೋಣಿಗೆಯೂ ಆಗಿರದ ಅಂಗಡಿಯ ಮುಂದೆ ರಸೀದಿ ಪುಸ್ತಕ ಹಿಡಿದು ನಿಂತು ಬೈಸಿಕೊಂಡಿದ್ದಾಳೆ. ಮರುದಿನದಿಂದ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಮಾತ್ರ. ಗಿರಾಕಿ ಕಡಿಮೆ, ಯಜಮಾನರು ಗಲ್ಲಾದ ಹಿಂದೆ ಕುಳಿತಿರುತ್ತಾರೆ.

ಇಬ್ಬರೂ ಕೂತು ಕೂಡಿದೆವು. ಮಂಡಿಪೇಟೆ, ಅಶೋಕ ರಸ್ತೆ ಸೇರಿ 64 ಅಂಗಡಿ. ಒಪ್ಪಿದವರು 23. ಪೂರ್ಣ ಪುಟ ಮೂರು, ತಲಾ 3,000. ಅರ್ಧ ಪುಟ ಎಂಟು, ತಲಾ 1,500. ಕಾಲು ಪುಟ ಹನ್ನೆರಡು, ತಲಾ 800. ಒಟ್ಟು 30,600. ಜೊತೆಗೆ ಒಬ್ಬ ಸಹಪಾಠಿ ಇದ್ದಳು, ರಸೀದಿ ಬರೆಯುವುದು ಅವಳ ಕೆಲಸ, ಮಾತು ಇವಳದು.

ಹನ್ನೆರಡು ಜನ ಸೇರಿ ತಂದ 72,000ದಲ್ಲಿ 30,600 ಒಂದೇ ಜೋಡಿಯದು. ದೊಡ್ಡ ಅಂಕಿ ಹೇಳುವ ಆಸೆಗೆ ಇದನ್ನೇ ಮುಚ್ಚಿಟ್ಟಿದ್ದಳು. ಮೊದಲ ಭೇಟಿಯಲ್ಲೇ ಹೂಂ ಎಂದವರು ಐದು ಅಂಗಡಿಯವರು ಮಾತ್ರ. ಹದಿನೆಂಟು ಕಡೆ ಎರಡನೆಯ, ಮೂರನೆಯ ಸಲ ಹೋಗಿದ್ದಾಳೆ. ನನಗೆ ಒಬ್ಬ ಟ್ರೈನಿಯಲ್ಲಿ ಬೇಕಾದದ್ದು ಈ ಹದಿನೆಂಟು. ಬೇಡ ಎಂದವರ ಬಳಿಗೆ ಮತ್ತೆ ಹೋಗುವ ಕಾಲು ಇಲ್ಲದವರು ನಮ್ಮ ಕೆಲಸದಲ್ಲಿ ಮೂರನೆಯ ತಿಂಗಳಿಗೆ ರಾಜೀನಾಮೆ ಕೊಡುತ್ತಾರೆ.

ಒಬ್ಬ ಹಾರ್ಡ್‌ವೇರ್ ಅಂಗಡಿಯವರ ಕಥೆ ಹೇಳಿದಳು. ಬೋಣಿಗೆಗೆ ಮುಂಚೆ ಬೈದವರು ಅವರೇ. ಎರಡನೆಯ ಸಲ ಹೋದಾಗ, "ನಿಮ್ಮ ಪುಸ್ತಕ ಯಾರು ಓದುತ್ತಾರೆ? ಹಾಕಿದರೆ ನನಗೇನು ಬಂತು?" ಎಂದರಂತೆ. ಮೂರನೆಯ ಸಲ ಇವಳು ಮಾತಿನ ಬದಲು ಒಂದು ಹಾಳೆ ಒಯ್ದಳು. ಅರ್ಧ ಪುಟದ ಅಳತೆಗೆ ಗೆರೆ ಎಳೆದು, ಒಳಗೆ ಅಂಗಡಿಯ ಬೋರ್ಡಿನಲ್ಲಿದ್ದಂತೆಯೇ ಹೆಸರು, ವಿಳಾಸ, ಫೋನ್ ಸಂಖ್ಯೆ ಪೆನ್ನಿನಲ್ಲಿ ಬರೆದಿದ್ದಳು. ಯಜಮಾನರು ಕನ್ನಡಕ ಏರಿಸಿ ನೋಡಿದರು. "ಈ ನಂಬರು ಹಳೆಯದು, ಬೋರ್ಡು ಬದಲಾಯಿಸಿಲ್ಲ" ಎಂದು ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು ಹೊಡೆದುಹಾಕಿ, ಹೊಸದನ್ನು ಬರೆದರು. ಆಮೇಲೆ "ಪೇಂಟ್ ಸಿಗುತ್ತದೆ ಅಂತಲೂ ಸೇರಿಸು" ಎಂದರು. ದರ ಕೇಳಿದ್ದು ಅದರ ನಂತರ.

ತಿದ್ದಲು ಪೆನ್ನು ಹಿಡಿದ ಕ್ಷಣಕ್ಕೇ ಆ ಜಾಹೀರಾತು ಅವರದಾಗಿತ್ತು. ಇದನ್ನು ಯಾಕೆ ಬರೆಯಲಿಲ್ಲ ಎಂದರೆ, "ಅದೇನು ದೊಡ್ಡ ವಿಷಯ ಮಾವ?" ಎಂದಳು.

ಇನ್ನೊಂದು ಅಂಗಡಿಯಲ್ಲಿ 80ಜಿ ರಸೀದಿ ಕೊಡುತ್ತೀರಾ ಎಂದು ಕೇಳಿದ್ದಾರೆ. ದೇಣಿಗೆಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಸಂಸ್ಥೆಗೆ ಆ ನೋಂದಣಿ ಇರಬೇಕು. ಇದ್ದರೂ ಎರಡು ಸಾವಿರಕ್ಕೆ ಮೇಲ್ಪಟ್ಟ ನಗದಿಗೆ ಅದು ಸಿಗುವುದಿಲ್ಲ. ಇವರ ಸಂಘಕ್ಕೆ ನೋಂದಣಿಯೇ ಇಲ್ಲ. ಇವಳು ಲೆಕ್ಚರರನ್ನು ವಿಚಾರಿಸಿ ಮರುದಿನ ಹೋಗಿ, ಅದು ಸಿಗುವುದಿಲ್ಲ, ಆದರೆ ಜಾಹೀರಾತಿನ ಹಣಕ್ಕೆ ಅಂಗಡಿಯ ಹೆಸರಿಗೆ ರಸೀದಿ ಕೊಡುತ್ತೇವೆ, ಅದನ್ನು ವ್ಯಾಪಾರದ ಖರ್ಚಿನಲ್ಲಿ ತೋರಿಸಬಹುದೇ ಎಂದು ನಿಮ್ಮ ಲೆಕ್ಕಿಗರನ್ನು ಕೇಳಿ ಎಂದಳು. ಪೂರ್ಣ ಪುಟದ ಮೂರರಲ್ಲಿ ಅದೂ ಒಂದು.

ಇಷ್ಟಾದ ಮೇಲೆ ಅವಳಿಗೆ ಉತ್ಸಾಹ ಬಂದು, ಹಾಗಾದರೆ "ಮಾರಾಟದಲ್ಲಿ ಅನುಭವವಿದೆ" ಎಂದು ಬರೆಯಲೇ ಎಂದಳು. ಬೇಡ ಎಂದೆ. ಶಾಲೆಯ ಬೆಂಚಿಗೆ ಕೊಡುವವರು ಅರ್ಧ ಮಕ್ಕಳಿಗಾಗಿ, ಇನ್ನರ್ಧ ಕಾಲೇಜಿನ ಮುಖ ನೋಡಿ ಕೊಡುತ್ತಾರೆ. ಒಂದು ಸಲ ಕೊಟ್ಟರೆ ಮುಗಿಯಿತು. ಬಿಸ್ಕತ್ತಿನ ಪೆಟ್ಟಿಗೆ ಹಾಗಲ್ಲ. ಈ ವಾರ ಮುಖ ನೋಡಿ ಎರಡು ಪೆಟ್ಟಿಗೆ ಇಳಿಸಿಕೊಂಡವರು, ಮುಂದಿನ ವಾರ ಅದು ಖಾಲಿಯಾಗದಿದ್ದರೆ ಅದೇ ಮುಖಕ್ಕೆ ವಾಪಸು ಕೊಡುತ್ತಾರೆ. ಸಂದರ್ಶನದಲ್ಲಿ ಕೂತವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಅದು ನಿನಗೂ ಗೊತ್ತು ಎಂಬುದು ಪತ್ರದಲ್ಲಿ ಒಂದು ಸಾಲಿನಲ್ಲಿ ಕಂಡರೆ ಸಾಕು.

ಇಂಗ್ಲಿಷಿನಲ್ಲಿ ಶುರು ಮಾಡಿದರೆ ಮತ್ತೆ ನಾಯಕತ್ವವೇ ಬರುತ್ತದೆ ಎಂದು, ಮೊದಲು ಕನ್ನಡದಲ್ಲಿ ಬರೆಸಿದೆ. ನನ್ನ ಹಳೆಯ ಸ್ಟಾಕ್ ಪಟ್ಟಿಯ ಬೆನ್ನಿಗೆ ಅವಳು ಬರೆದದ್ದು:

"ಕಳೆದ ಫೆಬ್ರುವರಿಯಲ್ಲಿ ನಮ್ಮ ವಾಣಿಜ್ಯ ಸಂಘ ಸರ್ಕಾರಿ ಶಾಲೆಗೆ ಬೆಂಚು ಕೊಡಿಸಲು ಸ್ಮರಣ ಸಂಚಿಕೆಗೆ 1,12,000 ರೂಪಾಯಿಯ ಜಾಹೀರಾತು ಪಡೆಯಿತು. ಅದರಲ್ಲಿ 30,600 ನಾನು ಮತ್ತು ಒಬ್ಬ ಸಹಪಾಠಿ ತಂದದ್ದು. ಹದಿನಾಲ್ಕು ದಿನಗಳಲ್ಲಿ 64 ಅಂಗಡಿಗಳಿಗೆ ಹೋದೆವು. 23 ಅಂಗಡಿಯವರು ಒಪ್ಪಿದರು, ಅವರಲ್ಲಿ 18 ಮಂದಿ ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ. ಮಾತಿಗೆ ಒಪ್ಪದ ಒಬ್ಬರು ಜಾಹೀರಾತಿನ ಮಾದರಿ ನೋಡಿ ಒಪ್ಪಿದರು. ಒಮ್ಮೆ ಕೊಡುವವರನ್ನು ಒಪ್ಪಿಸುವುದು ಮಾತ್ರ ನನಗೆ ಗೊತ್ತಿದೆ. ವಾರ ವಾರ ಕೊಳ್ಳುವವರನ್ನು ಉಳಿಸಿಕೊಳ್ಳುವುದನ್ನು ಕಲಿಯಬೇಕಾಗಿದೆ."

ಕೊನೆಯ ಸಾಲು ಪೂರ್ತಿ ಅವಳದೇ. ನಾನು ಒಂದಕ್ಷರ ಮುಟ್ಟಲಿಲ್ಲ.

ಮೂರನೆಯ ಪ್ಯಾರಾದಲ್ಲಿ ದ್ವಿಚಕ್ರ ವಾಹನ ಓಡಿಸುತ್ತೇನೆ ಎಂದಿತ್ತು. ಬೀಟ್ ಕೆಲಸಕ್ಕೆ ಲೈಸೆನ್ಸ್ ಕೇಳಿಯೇ ಕೇಳುತ್ತಾರೆ. ವಿಚಾರಿಸಿದರೆ ಕೈಯಲ್ಲಿರುವುದು ಎಲ್‌ಎಲ್, ಅದೂ ಹೋದ ವಾರ ಮಾಡಿಸಿದ್ದು. ಮೂವತ್ತು ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಎಲ್‌ಎಲ್ ಇದೆ, ಜುಲೈಯಲ್ಲಿ ಪರೀಕ್ಷೆಗೆ ಹೋಗುತ್ತೇನೆ ಎಂದೇ ಬರೆ ಎಂದೆ. ಉಳಿದ ವಿಶೇಷಣಗಳನ್ನೆಲ್ಲ, ಪರಿಶ್ರಮಿ, ಉತ್ಸಾಹಿ ಇತ್ಯಾದಿ, ಅವಳೇ ಒಂದೊಂದಾಗಿ ಹೊಡೆದುಹಾಕಿದಳು. ಪತ್ರ ಅರ್ಧ ಪುಟಕ್ಕೆ ಇಳಿಯಿತು.

ಹೊರಡುವಾಗ ನೆನಪಾಯಿತು. ವೃತ್ತಿಯ ಚಟ.

"30,600ಕ್ಕೆ ಒಪ್ಪಿದರು ಎಂದೆಯಲ್ಲ, ಕೈಗೆ ಬಂದದ್ದೆಷ್ಟು?"

ನೋಟ್‌ಬುಕ್ ಮತ್ತೆ ತೆರೆಯಿತು. ಒಂದು ಅರ್ಧ ಪುಟ, ಎರಡು ಕಾಲು ಪುಟ ಬಾಕಿ. 3,100 ರೂಪಾಯಿ. ಸಂಚಿಕೆ ಅಚ್ಚಾಗಿ, ಹಂಚಿ, ಬೆಂಚು ಶಾಲೆಗೆ ಹೋಗಿ ನಾಲ್ಕು ತಿಂಗಳಾಗುತ್ತ ಬಂದಿದೆ. ಪುಸ್ತಕ ಅಚ್ಚಾದ ಮೇಲೆ ಜಾಹೀರಾತಿನ ಹಣ ಕೇಳುವುದು ಉಂಡವರ ಹತ್ತಿರ ಅಕ್ಕಿ ಕೇಳಿದ ಹಾಗೆ. "ಪರೀಕ್ಷೆ ಇತ್ತು, ಆಮೇಲೆ ಕೇಳಲು ಸಂಕೋಚವಾಯಿತು" ಎಂದಳು.

ನಾನು ಏನೂ ಹೇಳಲಿಲ್ಲ. ಮುಂದೆ ಹರಡಿದ್ದ ನನ್ನ ಬಾಕಿ ಪಟ್ಟಿಯಲ್ಲೇ ಮೂರು ತಿಂಗಳು ದಾಟಿದ ಹನ್ನೊಂದು ಹೆಸರಿದ್ದವು. ಅವಳು ಪ್ಯಾರಾದ ಕೊನೆಗೆ "ಇಂದಿನವರೆಗೆ 27,500 ರೂಪಾಯಿ ವಸೂಲಾಗಿದೆ" ಎಂದು ಸೇರಿಸಿದಳು. ಮಳೆ ನಿಂತ ಮೇಲೆ ಮಂಡಕ್ಕಿ, ಮೆಣಸಿನಕಾಯಿ ತಿಂದು ಹೊರಟಳು.

16 ಜೂನ್, ಸೋಮವಾರ ರಾತ್ರಿ

ಎಂಟು ಗಂಟೆಗೆ ಅವಳ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು.

"ಮಾವ, ಅರ್ಜಿ ಇನ್ನೂ ಕಳುಹಿಸಿಲ್ಲ. ಅಂಕಿ ತಿದ್ದಬೇಕು, 29,000 ಆಯಿತು."

ಅರ್ಧ ಪುಟದವರು ಕೊಟ್ಟಿದ್ದಾರೆ. ಕಾಲು ಪುಟದ ಇಬ್ಬರಲ್ಲಿ ಒಬ್ಬರು ಅಂಗಡಿಯನ್ನೇ ಖಾಲಿ ಮಾಡಿದ್ದಾರಂತೆ. ಇನ್ನೊಬ್ಬರು ನಾಳೆ ಬಾ ಎಂದಿದ್ದಾರೆ.

"ನಾಳೆ ಮಂಗಳವಾರ" ಎಂದೆ.

"ನಾನೂ ಅವರಿಗೆ ಅದನ್ನೇ ಹೇಳಿದೆ. ಬುಧವಾರ ಮೂರು ಗಂಟೆಗೆ ಬರುತ್ತೇನೆ ಎಂದು ಬಂದಿದ್ದೇನೆ."