ಮ್ಯಾನೇಜರ್ ಸರ್ವೇಲಿ ಏನ್ ಬರೆದೆ, ಏನ್ ಅಳಿಸಿದೆ

2025 ನವೆಂಬರ್ 12, ಬುಧವಾರ, ರಾತ್ರಿ 11.20

ಮ್ಯಾನೇಜರ್ ಹೇಗೆ ಕೆಲ್ಸ ಮಾಡ್ತಾರೆ ಅಂತ ಟೀಮನ್ನೇ ಕೇಳೋ ಸರ್ವೇ ಮುಗಿಯೋಕೆ ಇನ್ನೆರಡೇ ದಿನ ಇದೆ, ನಾನಿನ್ನೂ ಮುಟ್ಟಿಲ್ಲ. ಇವತ್ತು ಸಂಜೆ ಆರೂವರೆಗೆ ಮತ್ತೆ ಅದೇ ಕಥೆ, ನಾಳೆ ರಿಲೀಸ್ ಇಟ್ಕೊಂಡು "ಇದೊಂದು ಚಿಕ್ಕದು ಸೇರಿಸ್ಬಿಡಿ" ಅಂತ ನಮ್ ಮ್ಯಾನೇಜರ್ ಮೆಸೇಜು. ಊಟ ಮಾಡ್ಕೊಂಡು ಬಂದವ್ಳೇ ಸಿಟ್ಟಲ್ಲಿ ಫೋನಿನ ನೋಟ್ಸಲ್ಲಿ ಟೈಪ್ ಮಾಡಿದೆ. ಸದ್ಯ, ನೇರ ಫಾರ್ಮಲ್ಲೇ ಬರೀಲಿಲ್ಲ.

ಬರೆದಿದ್ದು ಇಂಗ್ಲಿಷಲ್ಲಿ, ಅರ್ಥ ಇಷ್ಟು: "ನಮ್ಮಪ್ಪಂಗೆ ಕಣ್ಣಿನ ಆಪರೇಷನ್ ಆದ ದಿನವೂ ರಾತ್ರಿ 9ಕ್ಕೆ ಫೋನ್ ಮಾಡಿ ಸ್ಕೋಪ್ ಬದಲಾಯಿಸಿದ್ರು. ಇವರಿಗೆ ಪ್ಲಾನಿಂಗೇ ಬರಲ್ಲ."

ಬೇರೆ ಕಂಪನೀಲಿ ಎಚ್ಆರ್ ಆಗಿರೋ ಗೆಳತಿಗೆ ಓದಿ ಹೇಳಿದೆ. ಅವ್ಳು ನಕ್ಕು "ಕೆಳಗೆ ಸಹಿನೂ ಹಾಕ್ಬಿಡು" ಅಂದ್ಲು. ನಿಜಾನೇ, ಟೀಮಲ್ಲಿ ಅಪ್ಪಂಗೆ ಆಪರೇಷನ್ ಆಗಿದ್ದು ನನಗೊಬ್ಳಿಗೇ. ಸರ್ವೇಲಿ ಹೆಸರು ಕೇಳಲ್ಲ, ಆದ್ರೆ ಕಾಮೆಂಟು ಅಕ್ಷರ ಬಿಡದೆ ಹಾಗೇ ಮ್ಯಾನೇಜರ್‌ಗೆ ಹೋಗುತ್ತೆ, ಸಾಮಾನ್ಯವಾಗಿ ಯಾರೂ ಅದನ್ನ ತಿದ್ದಿ ಕೊಡಲ್ಲ. ನಾನು ವಾಕ್ಯದ ಕೊನೇಲಿ ಎರಡೆರಡು ಚುಕ್ಕೆ ಇಡೋದು ಟೀಮಿಗೆಲ್ಲ ಗೊತ್ತು, ಅದೂ ಒಂಥರಾ ಸಹಿನೇ.

ಇನ್ನೊಂದು ಕೇಳಿದ್ಲು, ಲಿಂಕ್ ಎಲ್ಲರಿಗೂ ಒಂದೇನಾ ಅಂತ. ಪಕ್ಕದ ಸೀಟಿನ ಹುಡುಗನ ಮೇಲ್ ಜೊತೆ ಹೋಲಿಸಿದ್ರೆ ಕೊನೆಯ ಅಕ್ಷರಗಳು ಬೇರೆ ಬೇರೆ. ಅಂದ್ರೆ ಯಾರು ಏನು ತುಂಬಿದ್ರು ಅನ್ನೋದು ಸರ್ವೇ ನಡೆಸೋ ಸಿಸ್ಟಮ್‌ನಲ್ಲಿ ಇರಬಹುದು, ಮ್ಯಾನೇಜರ್‌ಗೆ ತೋರಿಸಲ್ಲ ಅಷ್ಟೇ. ಗೌಪ್ಯ ಅನ್ನೋದು ಬೇರೆ, ಅನಾಮಧೇಯ ಅನ್ನೋದು ಬೇರೆ, ನಾನು ಇಷ್ಟು ವರ್ಷ ಎರಡೂ ಒಂದೇ ಅನ್ಕೊಂಡಿದ್ದೆ.

ನಮ್ಮಲ್ಲಿ ಕನಿಷ್ಠ 5 ಜನ ತುಂಬಿದ್ರೆ ಮಾತ್ರ ಟೀಮಿನ ರಿಪೋರ್ಟ್ ಬರುತ್ತೆ. ನಾವಿರೋದು 7. ಐದೇ ಜನ ತುಂಬಿ ಒಂದು ಪ್ರಶ್ನೆಗೆ ಸರಾಸರಿ 3.8 ಬಂತು ಅನ್ಕೊಳ್ಳಿ, ಒಟ್ಟು 19 ಆಯ್ತು. ಅದ್ರಲ್ಲಿ ನಾಲ್ಕು ಜನ ಕಾಫಿ ಕುಡೀತಾ "ನಾನು 4 ಕೊಟ್ಟೆ ಸರ್" ಅಂದ್ರೆ, 3 ಕೊಟ್ಟೋರು ಯಾರು ಅಂತ ಹೇಳೋಕೆ ಜ್ಯೋತಿಷ್ಯ ಬೇಕಾಗಿಲ್ಲ. ಹಾಗಾಗಿ ಯಾರು ಕೇಳಿದ್ರೂ ಅಂಕ ಹೇಳ್ಬಾರ್ದು, ಒಳ್ಳೆ ಅಂಕ ಕೊಟ್ಟೋರೂ ಅಷ್ಟೇ, ಅವ್ರು ಬಾಯಿಬಿಟ್ರೆ ಸಿಕ್ಕಿಬೀಳೋದು ಪಕ್ಕದೋರು.

2025 ನವೆಂಬರ್ 14, ಶುಕ್ರವಾರ

ಇವತ್ತು ಮಧ್ಯಾಹ್ನ ಹೊಟ್ಟೆ ತುಂಬಿದ್ಮೇಲೆ ಮತ್ತೆ ಓದಿದೆ. ಅಪ್ಪನ ವಿಷಯ ತೆಗೆದೆ. "ಪ್ಲಾನಿಂಗೇ ಬರಲ್ಲ" ಅನ್ನೋದನ್ನೂ ತೆಗೆದೆ, ಭಯಕ್ಕಲ್ಲ, ಅದನ್ನ ಓದಿದ ಮನುಷ್ಯ ಸೋಮವಾರ ಬಂದು ಏನು ಬದಲಾಯಿಸಬೇಕು? ಬೇಜಾರು ಮಾಡ್ಕೋಬಹುದು ಅಷ್ಟೇ. ನನ್ನೊಬ್ಬಳಿಗೇ ಆಗಿದ್ದನ್ನ ಬಿಟ್ಟು ಏಳೂ ಜನಕ್ಕೆ ಆಗ್ತಿರೋದು ಯಾವುದು ಅಂತ ಹುಡುಕಿದ್ರೆ ಬುಧವಾರ ಸಂಜೆ ಸಿಕ್ತು. ಯಾವ ತಾರೀಖು, ಯಾವ ಟಿಕೆಟ್ಟು ಅಂತ ಹಾಕ್ಲಿಲ್ಲ, ಪದೇಪದೇ ಆಗ್ತಿರೋದನ್ನ ಮಾತ್ರ ಹೇಳ್ದೆ. ಕೊನೆಗೆ ಉಳಿದಿದ್ದು ಇದು, ಚುಕ್ಕೆಗಳನ್ನೂ ಒಂದೊಂದೇ ಮಾಡಿ:

"ಗುರುವಾರ ರಿಲೀಸ್ ಇರುವ ವಾರ ಬುಧವಾರ ಸಂಜೆ ಹೊಸ ಕೆಲಸ ಸೇರುತ್ತಿದೆ. ಟೆಸ್ಟಿಂಗ್‌ಗೆ ಸಮಯ ಸಿಗದೆ ಶುಕ್ರವಾರ ಪೂರ್ತಿ ಫಿಕ್ಸ್ ಮಾಡುವುದರಲ್ಲೇ ಹೋಗುತ್ತಿದೆ. ಮಂಗಳವಾರದ ನಂತರ ಬಂದಿದ್ದನ್ನು ಮುಂದಿನ ರಿಲೀಸ್‌ಗೆ ಹಾಕಬಹುದು. ತುರ್ತಾದರೆ ಅದರ ಬದಲು ಯಾವುದನ್ನು ಕೈಬಿಡಬೇಕೆಂದು ಮ್ಯಾನೇಜರ್ ಅವರೇ ಹೇಳಿದರೆ ಅನುಕೂಲ."

ಮುಂದುವರಿಸಬೇಕಾದ್ದು ಏನು ಅನ್ನೋ ಬಾಕ್ಸಲ್ಲಿ, ಕ್ಲೈಂಟ್ ಕಾಲಲ್ಲಿ ತಪ್ಪಾದಾಗ ನಮ್ಮ ಯಾರ ಹೆಸರೂ ಎತ್ತದೆ ಬೈಗುಳ ತಾವೇ ತಗೋತಾರೆ ಅಂತ ಬರೆದೆ. ಬೆಣ್ಣೆ ಹಚ್ಚೋಕಲ್ಲ, ಅದು ನಿಜ, ನಾನು ಈ ಟೀಮ್ ಬಿಡದೆ ಇರೋದಕ್ಕೆ ಅರ್ಧ ಕಾರಣ ಅದೇ.

ಗೆಳತಿ ಕೊನೇಲಿ ಹೇಳಿದ ಮಾತು ಇಲ್ಲಿ ಹಾಕ್ಲೇಬೇಕು. ಕಿರುಕುಳದಂಥ ವಿಷಯ ಇದ್ರೆ ಸರ್ವೇ ಕಾಮೆಂಟಲ್ಲಿ ಬರೆದು ಕೂರಬೇಡಿ, ಬರೆದ್ರೂ ಅದು ದೂರು ಅಂತ ದಾಖಲಾಗುತ್ತೆ ಅನ್ಕೋಬೇಡಿ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಹೆಣ್ಮಕ್ಕಳು ಆಫೀಸಿನ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಸಾಮಾನ್ಯವಾಗಿ 3 ತಿಂಗಳೊಳಗೆ. ಸರ್ವೇ ರಿಸಲ್ಟಿಗೆ ಕಾಯ್ತಾ ಕೂತ್ರೆ ಆ ಟೈಮ್ ಕಳೆದೋಗುತ್ತೆ.

ಮೂರು ಗಂಟೆಗೆ ಸಬ್ಮಿಟ್ ಒತ್ತಿದೆ. ನಾಲ್ಕಕ್ಕೆ ಮ್ಯಾನೇಜರ್ ಗ್ರೂಪಲ್ಲಿ ಮೆಸೇಜ್ ಹಾಕಿದ್ರು, "ಎಲ್ಲರೂ ಸರ್ವೇ ಮುಗಿಸಿದ್ರಾ? ನಂಗೆ 7ಕ್ಕೆ 5 ಅಂತ ತೋರಿಸ್ತಿದೆ." ಎರಡೇ ನಿಮಿಷದಲ್ಲಿ ಏಳು ಹೆಬ್ಬೆಟ್ಟು ಬಿದ್ವು.