ಹಬ್ಬ ಯಾರ ಪದ ಎಂದು ಕೇಳುವವರಿಗೆ

"ಸಾರ್, ‘ಹಬ್ಬ’ ಅಚ್ಚಗನ್ನಡದ ಪದವೋ, ಸಂಸ್ಕೃತದಿಂದ ಬಂದಿದ್ದೋ?"

ಸಂಸ್ಕೃತದ ‘ಪರ್ವ’ದಿಂದ ಬಂದದ್ದು. ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಈ ಉತ್ತರಕ್ಕೆ ಬರುವ ಮರುಮಾತು ಎರಡೇ ಬಗೆಯದು. ಒಬ್ಬರು "ನೋಡಿದ್ರಾ, ಹಬ್ಬಕ್ಕೂ ನಮ್ಮ ಹತ್ರ ಸ್ವಂತ ಪದ ಇರ್ಲಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಹಾಗಾದ್ರೆ ಬಳಸಬಾರದು ಅಲ್ವಾ?" ಅನ್ನುತ್ತಾರೆ. ಬಳಸಿ ಮಾರಾಯರೇ. ಹಬ್ಬ ಬಿಟ್ಟರೆ ಇನ್ನೇನು ಮಾಡುತ್ತೀರಿ?

ಈ ಪ್ರಶ್ನೆಯಲ್ಲಿ ನನಗೆ ರೇಗುವುದು ‘ಅಚ್ಚ’ ಎಂಬ ಮಾತಿಗೆ. "ಪುಸ್ತಕ ಅನ್ಬೇಡಿ, ಹೊತ್ತಗೆ ಅನ್ನಿ, ಅದು ನಮ್ಮದು" ಎಂದು ತಿದ್ದುವವರಿದ್ದಾರಲ್ಲ, ಅವರು ಎಡಗೈಯಿಂದ ತಳ್ಳಿದ್ದನ್ನೇ ಬಲಗೈಯಿಂದ ಎತ್ತಿಕೊಳ್ಳುತ್ತಾರೆ. ಹೊತ್ತಗೆ ಎಂದರೆ ಪುಸ್ತಕವೇ: ಪುಸ್ತಕ ಸವೆದು ‘ಪೊತ್ತಗೆ’ ಆಯಿತು, ಪೊತ್ತಗೆ ‘ಹೊತ್ತಗೆ’ ಆಯಿತು. ಅಂದಹಾಗೆ, ಪುಸ್ತಕವೂ ಸಂಸ್ಕೃತಕ್ಕೆ ಹೊರಗಿನಿಂದ, ಇರಾನಿನ ಕಡೆಯ ತೊಗಲು ಎಂಬರ್ಥದ ಪದದಿಂದ ಬಂದದ್ದು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹೀಗಿರುವಾಗ ಯಾರು ಯಾರಿಗೆ ಹಿಂದಿರುಗಿಸಬೇಕು?

ಪದ ಎಲ್ಲಿಯದು ಎಂಬುದು ನಿಘಂಟು ತೆರೆದರೆ ಸಿಗುತ್ತದೆ. ಅದು ಯಾವಾಗ ಬಂತು ಎಂದು ಒಬ್ಬರಾದರೂ ಕೇಳಬಾರದೇ? ಅದಕ್ಕೆ ಉತ್ತರ ಬಹಳ ಸಲ ಪದದ ಮೈಮೇಲೆಯೇ ಇರುತ್ತದೆ, ಕನ್ನಡದಲ್ಲಂತೂ ಅದರ ಮೊದಲ ಅಕ್ಷರದಲ್ಲೇ ಇರುತ್ತದೆ.

ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೂವು ‘ಪೂ’, ಹೆಸರು ‘ಪೆಸರ್’, ಹಳ್ಳಿ ‘ಪಳ್ಳಿ’. ಪದದ ಮೊದಲಲ್ಲಿದ್ದ ಪಕಾರ ನಿಧಾನವಾಗಿ ಹಕಾರವಾಯಿತು. ಪ ಹೇಳಲು ಎರಡು ತುಟಿಯೂ ಪೂರ್ತಿ ಮುಚ್ಚಿ ಬಿಡಬೇಕು. ಮುಚ್ಚುವುದು ಸಡಿಲವಾದರೆ ತುಟಿಗಳ ನಡುವೆ ಗಾಳಿ ಸೋರುತ್ತದೆ. ತುಟಿಯ ಕೆಲಸ ಪೂರ್ತಿ ನಿಂತರೆ ಬರೀ ಉಸಿರು ಉಳಿಯುತ್ತದೆ, ಅದೇ ಹ. ಇದೇನು ನಮ್ಮೊಬ್ಬರ ಸೋಮಾರಿತನವಲ್ಲ. ಜಪಾನಿ ಭಾಷೆಯಲ್ಲೂ ಹೀಗೇ ಆಗಿದೆ. ಅಲ್ಲಿನ ‘ಹೇಕೆ’ ಕಥೆಯನ್ನು 1592ರಲ್ಲಿ ಕ್ರೈಸ್ತ ಪಾದ್ರಿಗಳು ರೋಮನ್ ಲಿಪಿಯಲ್ಲಿ ಅಚ್ಚು ಹಾಕಿದಾಗ ಅದರ ಹೆಸರನ್ನು ಎಫ್ ಅಕ್ಷರದಿಂದ ಬರೆದರು. ಪ ಸಡಿಲವಾಗಿ, ಇನ್ನೂ ಹ ಮುಟ್ಟದ ನಡುವಿನ ಹಂತ ಅದು.

ಕನ್ನಡದಲ್ಲಿ ಈ ಬದಲಾವಣೆ 10ನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಇಣುಕತೊಡಗುತ್ತದೆ. 12-13ನೆಯ ಶತಮಾನಗಳಲ್ಲಿ ಎರಡು ರೂಪಗಳೂ ಜೊತೆಜೊತೆಗೆ ಕಾಣುತ್ತವೆ. 14ನೆಯ ಶತಮಾನದ ಹೊತ್ತಿಗೆ ಹ ಗೆದ್ದಿದೆ. ಹೊಯ್ಸಳರ ಹೆಸರೇ ಇದಕ್ಕೆ ಸಾಕ್ಷಿ. ಹಳೆಯ ಶಾಸನಗಳಲ್ಲಿ ಅವರು ‘ಪೊಯ್ಸಳ’ರು, ಮುಂದೆ ಹೊಯ್ಸಳರು. ಸಳನಿಗೆ ಹುಲಿಯನ್ನು ಹೊಡೆಯೆಂದು ಹೇಳಿದ ಕಥೆ ಗೊತ್ತಲ್ಲ, ಆ ಕಥೆಯ ಹಳೆಯ ಮಾತು ‘ಪೊಯ್ ಸಳ’. ಒಂದೇ ಮನೆತನ ಆಳುತ್ತಿದ್ದ ಕಾಲದಲ್ಲೇ ಅದರ ಹೆಸರು ಪ್ರಜೆಗಳ ಬಾಯಲ್ಲಿ ಬದಲಾಗಿಹೋಯಿತು.

ಇಲ್ಲಿ ಶಾಸನವನ್ನೇ ಏಕೆ ಹಿಡಿಯಬೇಕೆಂದರೆ, ಕಲ್ಲಿನ ಮೇಲೆ ಕೆತ್ತಿದ್ದು ಕೆತ್ತಿದ ದಿನದ್ದು. ಓಲೆಗರಿಯ ಕಾವ್ಯ ಹಾಗಲ್ಲ, ಅದು ಪ್ರತಿ ಮಾಡಿದವರ ಕೈದಾಟಿ ಬಂದದ್ದು. 12ನೆಯ ಶತಮಾನದ ವಚನವೊಂದರಲ್ಲಿ ‘ಹಾಲು’ ಎಂದಿದ್ದರೆ ಅದು ವಚನಕಾರರ ಹಕಾರವೋ, ಇನ್ನೂರು ಮುನ್ನೂರು ವರ್ಷಗಳ ನಂತರ ಓಲೆ ಬರೆದವನ ಹಕಾರವೋ ಆ ಒಂದು ಪದದಿಂದ ತೀರ್ಮಾನವಾಗದು. ಪ್ರಾಸವೂ ಇಲ್ಲಿ ನೆರವಿಗೆ ಬರುವುದಿಲ್ಲ. ನಮ್ಮ ಆದಿಪ್ರಾಸ ಸಾಲಿನ ಎರಡನೆಯ ಅಕ್ಷರವನ್ನು ಕಾಯುತ್ತದೆ, ಮೊದಲನೆಯದನ್ನಲ್ಲ. ಕಾವ್ಯದ ಹಳೆಯ ೞಕಾರವನ್ನು ಪ್ರಾಸದಿಂದ ಪರೀಕ್ಷಿಸಬಹುದು, ಪದದ ಮೊದಲಿನ ಪಕಾರವನ್ನು ಆಗುವುದಿಲ್ಲ.

ಪಕಾರ ಎಲ್ಲ ಕಡೆ ಹೋಗಲಿಲ್ಲ ಎಂಬುದೇ ಇದರಲ್ಲಿ ಸ್ವಾರಸ್ಯ. ಸಾಕ್ಷಿ ಬೇಕಾದರೆ ಹತ್ತರಿಂದ ತೊಂಬತ್ತರವರೆಗೆ ಎಣಿಸಿ. ಹಳಗನ್ನಡದ ‘ಪತ್ತು’ ಒಂಟಿಯಾಗಿದ್ದಾಗ ಹತ್ತು ಆಯಿತು. ಮೂವತ್ತು, ಐವತ್ತು, ಅರವತ್ತು ಎನ್ನುವಾಗ ಅದೇ ಪತ್ತು ಪದದ ನಡುವೆ ಸಿಕ್ಕಿ ‘ವತ್ತು’ ಆಗಿದೆ. ಎಂಬತ್ತು, ತೊಂಬತ್ತರಲ್ಲಿ ಅನುನಾಸಿಕದ ಪಕ್ಕ ಕೂತು ‘ಬತ್ತು’ ಆಗಿದೆ. ಇಪ್ಪತ್ತು, ಎಪ್ಪತ್ತರಲ್ಲಿ ಹಿಂದಿನ ವ್ಯಂಜನ ಪಕಾರದಲ್ಲೇ ಬೆರೆತು ಒತ್ತಕ್ಷರವಾದ್ದರಿಂದ ಪ ಹಾಗೇ ಉಳಿದಿದೆ. ಇಪ್ಪತ್ತರ ಮೊದಲ ತುಂಡು ‘ಇರ್’, ಎಪ್ಪತ್ತರದ್ದು ‘ಏೞ್’, ಎಂದರೆ ಏಳು. ಅಪ್ಪ, ತುಪ್ಪ, ಉಪ್ಪು, ಸೊಪ್ಪು ಬದಲಾಗದ್ದಕ್ಕೂ ಈ ಒತ್ತೇ ಕಾರಣ. ಒಂದೇ ಪದ, ನಾಲ್ಕು ನೆರೆಹೊರೆ, ನಾಲ್ಕು ರೂಪ. ಹೆಬ್ಬಾವಿನಲ್ಲಿ ಎರಡು ಒಟ್ಟಿಗೇ ಇವೆ. ‘ಪೆರ್’ ಎಂದರೆ ದೊಡ್ಡದು, ಅದಕ್ಕೆ ‘ಪಾವು’ ಸೇರಿ ‘ಪೆಬ್ಬಾವು’. ಮೊದಲ ಪ ಹ ಆಯಿತು, ಒಳಗಿನದು ಬ್ಬ ಆಗಿ ಬಚಾವಾಯಿತು. ಹೊರಗೆ ಸಿಕ್ಕರೆ ಹಾವು, ಹೆ ಸೇರಿದರೆ ಬಾವು.

ಈಗ ಎರವಲಿಗೆ ಬರೋಣ. ಧ್ವನಿ ಬದಲಾಗುವಾಗ ಬಾಯಿ ಪದದ ಜಾತಕ ಕೇಳುವುದಿಲ್ಲ. ಆ ಹೊತ್ತಿಗೆ ಜನರ ದಿನಬಳಕೆಯಲ್ಲಿ ಇದ್ದ ಪದವೆಲ್ಲ ಸಿಕ್ಕಿಬೀಳುತ್ತದೆ, ಮನೆಯದ್ದಾದರೂ ಸರಿ, ಹೊರಗಿನದ್ದಾದರೂ ಸರಿ. ಪರ್ವ ಪಬ್ಬವಾಗಿ ಹಬ್ಬವಾಯಿತು. ಪಕ್ಷಿ ಪಕ್ಕಿಯಾಗಿ ಹಕ್ಕಿಯಾಯಿತು. ಪೂರ್ಣಿಮೆ ಪುಣ್ಣಿಮೆಯಾಗಿ ಹುಣ್ಣಿಮೆಯಾಯಿತು. ಇವುಗಳ ಹಕಾರ ತೇದಿಯ ಮುದ್ರೆ ಇದ್ದಂತೆ: ಬದಲಾವಣೆ ನಡೆಯುವ ಮೊದಲೇ ಇವು ಕನ್ನಡದ ಮನೆಯೊಳಗೆ ಇದ್ದವು. ಹುಲಿ, ಹಾಲುಗಳ ಜೊತೆ ಸಾಲಿನಲ್ಲಿ ನಿಂತು ಬದಲಾದ ‘ಹಬ್ಬ’ವನ್ನು ಈಗ ಹೊರಗಿನದೆನ್ನಲು ನಿಮಗೆ ಬಾಯಿ ಹೇಗೆ ಬರುತ್ತದೆ?

ಈ ಕಡೆ ನೋಡಿ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅವರ ಕಡೆಯಿಂದ ಬಂದ ಪಾದ್ರಿ ‘ಹಾದ್ರಿ’ ಆಗಲಿಲ್ಲ, ಪಗಾರ ‘ಹಗಾರ’ ಆಗಲಿಲ್ಲ. ಫಾರಸಿಯ ಪರದೆ, ಪೈಲ್ವಾನ, ಇಂಗ್ಲಿಷಿನ ಪೆನ್ನು, ಪೊಲೀಸು ಎಲ್ಲವೂ ಪಕಾರವನ್ನು ಉಳಿಸಿಕೊಂಡಿವೆ. ಇವು ಬರುವ ಹೊತ್ತಿಗೆ ಆ ಬದಲಾವಣೆಯ ಕೆಲಸ ಮುಗಿದಿತ್ತು. ಧ್ವನಿನಿಯಮಕ್ಕೆ ಶುರುವೂ ಇರುತ್ತದೆ, ಕೊನೆಯೂ ಇರುತ್ತದೆ.

ಈ ಪರೀಕ್ಷೆ ಒಂದೇ ದಿಕ್ಕಿಗೆ ನಡೆಯುತ್ತದೆ, ಎಡವುವವರೆಲ್ಲ ಇಲ್ಲೇ ಎಡವುತ್ತಾರೆ. ಪರ್ವದಂತೆ ಮೂಲದಲ್ಲಿ ಪ ಇದ್ದು ಕನ್ನಡದಲ್ಲಿ ಹ ಆಗಿದ್ದರೆ ಪದ ಹಳೆಯದು, ಸರಿ. ಪ ಉಳಿದಿದ್ದರೆ ಹೊಸದು ಎಂದು ಮಾತ್ರ ಹೇಳುವಂತಿಲ್ಲ. ಪಾಪ, ಪೂಜೆ, ಪುಣ್ಯ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದವಲ್ಲ. ಓದುಬಲ್ಲವರು ಸಂಸ್ಕೃತವನ್ನು ನೋಡಿಕೊಂಡು ಅವನ್ನು ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಲೇ ಬಂದರು. ಅದರಿಂದಲೇ ಹಕ್ಕಿಯೂ ಪಕ್ಷಿಯೂ ಒಂದೇ ಬಾಯಲ್ಲಿವೆ: ಒಂದು ಬಾಯಿಂದ ಬಾಯಿಗೆ ಬಂದದ್ದು, ಇನ್ನೊಂದು ಓದಿನಿಂದ ಬಂದದ್ದು. ಹಂಪೆಗೆ ಹೋದವರು ಇದನ್ನು ಒಂದೇ ಊರಲ್ಲಿ ನೋಡಬಹುದು. ಊರಿನ ಹೆಸರು ‘ಪಂಪಾ’ದಿಂದ ಬಂದದ್ದು. ಜನರ ಬಾಯಲ್ಲಿ ಅದು ಹಂಪೆಯಾಗಿದೆ, ಗುಡಿಯೊಳಗಿನ ಪಂಪಾಂಬಿಕೆ ಪಕಾರದಲ್ಲೇ ಇದ್ದಾಳೆ. ಹಂಪೆಯ ನಡುವಿನ ಪ ಏಕೆ ಉಳಿಯಿತೆಂದು ಕೇಳಬೇಡಿ, ಈ ಬದಲಾವಣೆ ಪದದ ಮೊದಲಿಗೆ ಸೇರಿದ್ದು ಎಂದು ಮೇಲೆಯೇ ಹೇಳಿದ್ದೇನೆ.

ಇನ್ನೊಂದು ಎಡವಟ್ಟು: ಹಕಾರ ಕಂಡಲ್ಲೆಲ್ಲ ಪಕಾರ ಹುಡುಕುವುದು. ಹಿತ, ಹರ, ಹವನ ಸಂಸ್ಕೃತದಲ್ಲೇ ಹಕಾರದವು. ‘ಹೌದು’ ಮೊದಲು ‘ಅಪ್ಪುದು’, ಆಮೇಲೆ ‘ಅಹುದು’. ದಿನಕ್ಕೆ ನೂರು ಸಲ ಹೇಳುವ ಮಾತಾದ್ದರಿಂದ ಒತ್ತಕ್ಷರದ ಕಾವಲನ್ನೂ ಮೀರಿ ಸವೆದಿದೆ. ಇತ್ತ ಹಾಲಾಗಿ ಹೋದ ‘ಪಾಲ್’ನ ಪಕ್ಕದಲ್ಲೇ, ಭಾಗ ಎಂಬರ್ಥದ ‘ಪಾಲು’ ನಿಯಮಕ್ಕೆ ಸೊಪ್ಪು ಹಾಕದೆ ಕೂತಿದೆ. ಆದ್ದರಿಂದ ಊಹಿಸುವ ಮೊದಲು ನೆರೆಭಾಷೆಗಳನ್ನು ಕೇಳಬೇಕು. ಹುಲಿಗೆ ತಮಿಳು, ತೆಲುಗುಗಳಲ್ಲಿ ‘ಪುಲಿ’, ತುಳುವಿನಲ್ಲಿ ‘ಪಿಲಿ’. ಹಲ್ಲಿಗೆ ತಮಿಳಿನಲ್ಲಿ ‘ಪಲ್’, ತೆಲುಗಿನಲ್ಲಿ ‘ಪಲ್ಲು’. ಮೂರು ಕಡೆ ಪ, ನಮ್ಮಲ್ಲಿ ಮಾತ್ರ ಹ ಎಂದಾದರೆ ಬದಲಾದವರು ನಾವು. ನೆರೆಯಲ್ಲೆಲ್ಲೂ ಪ ಸಿಗದಿದ್ದರೆ ಹಳಗನ್ನಡ ನೋಡಿ, ಅಲ್ಲೂ ಸಿಗದಿದ್ದರೆ ಬಾಯಿ ಮುಚ್ಚಿಕೊಂಡಿರಿ.

ಕೊನೆಗೆ, ಯಾರೂ ಕೇಳದ ಆದರೆ ಎಲ್ಲರೂ ನಗುವ ವಿಷಯ. ಹಳೆ ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಓಗು’, ‘ಆಲು’, ‘ಅಬ್ಬ’ ಅನ್ನುತ್ತಾರೆ. ಅದನ್ನು ಉಚ್ಚಾರದೋಷ ಎಂದು ಶಾಲೆಯಲ್ಲಿ ತಿದ್ದುತ್ತಾರೆ. ಅದು ಇದೇ ದಾರಿಯ ಮುಂದಿನ ಹೆಜ್ಜೆ. ತುಟಿ ಬಿಟ್ಟು ಉಳಿದ ಉಸಿರೂ ಹೋದರೆ ಬರೀ ಸ್ವರ ಉಳಿಯುತ್ತದೆ. ‘ಪೋಗು’ ಬಿಟ್ಟು ‘ಹೋಗು’ ಎಂದವರಿಗೆ ‘ಓಗು’ ಎಂದವರನ್ನು ನೋಡಿ ನಗುವುದಕ್ಕೆ ಯಾವ ಅಧಿಕಾರವೂ ಇಲ್ಲ. ತಿದ್ದಿದ ಫಲವಾಗಿ ಕೆಲವರು ಹಕಾರವನ್ನು ಬೇಡದ ಕಡೆಗೂ ಅಂಟಿಸಿ ‘ಆಯ್ತು’ ಅನ್ನುವಲ್ಲಿ ‘ಹಾಯ್ತು’ ಅನ್ನುತ್ತಾರೆ. ಅದು ಅಜ್ಞಾನವಲ್ಲ, ಬೈಸಿಕೊಂಡವರ ಎಚ್ಚರಿಕೆ. ಹಕಾರ ಬಿಡುವ ಈ ನಿಯಮ ಇನ್ನೂ ಜೀವಂತ ಎಂದು ಹೇಳುವುದು ಹೇಗೆಂದರೆ, ಹೊಸ ಎರವಲನ್ನೂ ಅದು ಬಿಡುತ್ತಿಲ್ಲ. ಪೊಲೀಸನ್ನು ‘ಹೊಲೀಸು’ ಅನ್ನುವವರು ಯಾರೂ ಇಲ್ಲ, ಆದರೆ ಇಂಗ್ಲಿಷಿನ ಹೋಟೆಲು ಅಲ್ಲಿ ಆಗಲೇ ‘ಓಟ್ಲು’.