ಹೂಮಳೆ ಚಾರ್ಟ್‌ಗೆ ಆಲ್ಟ್ ಟೆಕ್ಸ್ಟ್: ಮಾರ್ಚ್ ಮೂರನೇ ವಾರದ ಕಂಬ ಎಲ್ಲಿ ಹೋಯ್ತು?

ಸಕಲೇಶಪುರ ಕಡೆ ತೋಟದ ಮಳೆ ಲೆಕ್ಕದ ಪೇಜ್ ಅಂತೂ ಮುಂದಕ್ಕೆ ಹೋಯ್ತು. ಹೆಡಿಂಗು, ಟೇಬಲ್ಲು, `lang="kn"` ಎಲ್ಲಾ ಆಗಿದೆ, ಅದನ್ನ ಮತ್ತೆ ಹೇಳಲ್ಲ, ನಿಮಗೂ ಗೊತ್ತಿರೋದೇ. ಈ ಸಲ ಹೆಚ್ಚುಕಮ್ಮಿ ಪೂರ್ತಿ ಒಂದು ಚಾರ್ಟಿನ ಆಲ್ಟ್ ಟೆಕ್ಸ್ಟ್ ಕಥೆ, ಅಂದ್ರೆ ಕಣ್ಣು ಕಾಣದೋರಿಗೆ ಸ್ಕ್ರೀನ್ ರೀಡರ್ ಓದಿ ಹೇಳೋ ಚಿತ್ರದ ವಿವರಣೆ.

ನಮ್ಮ ಗ್ರೂಪಲ್ಲಿ ಮಳೆ ಅಳೆಯೋ ಗೆಳೆಯರೊಬ್ರು ಮೊಬೈಲಿಂದ ಚಾರ್ಟ್ ಸ್ಕ್ರೀನ್‌ಶಾಟ್ ಒಂದು, ಕಾಫಿ ಕೊಂಬೆ ಫೋಟೋ ಒಂದು ಹಾಕಿ, "ಇದನ್ನ ಆಕ್ಸೆಸಿಬಲ್ ಮಾಡ್ಬಿಡಿ" ಅಂದ್ರು. ಅಷ್ಟೇ. ಯಾರು ಓದ್ತಾರೆ, ಏನು ತಿಳ್ಕೋಬೇಕು, ಒಂದೂ ಇಲ್ಲ. ಇಂಥ ಕೋರಿಕೆ ಬಂದಾಗ ನಾನು ಮೊದಲು ಚಿತ್ರ ನೋಡಲ್ಲ, ಅದು ಕೂರೋ ಜಾಗದ ಮೇಲಿನ ಕೆಳಗಿನ ಪ್ಯಾರಾ ಓದ್ತೀನಿ. ಅಲ್ಲಿ ಬರೆದಿದ್ದು ಇಷ್ಟು: "ಈ ಸಲ ಹೂಮಳೆ ಚೆನ್ನಾಗಾಯ್ತು, ಆಮೇಲಿನ ಮಳೆ ನೋಡಿ." ಅಂದ್ರೆ ಚಿತ್ರದ ಕೆಲಸ ಏನು ಅಂತ ಆ ಸಾಲೇ ಹೇಳ್ತು. ರೊಬಸ್ಟಾ ಇಟ್ಕೊಂಡಿರೋರಿಗೆ ಗೊತ್ತು, ಹೂಮಳೆ ಅಂದ್ರೆ ಬ್ಲಾಸಂ ಶವರ್ ಬಿದ್ದು ಎಂಟ್ಹತ್ತು ದಿನಕ್ಕೆ ಹೂ ಅರಳುತ್ತೆ, ಅದಾದ್ಮೇಲೆ ಎರಡು ಮೂರು ವಾರದೊಳಗೆ ಎರಡನೇ ಮಳೆ, ಅಂದ್ರೆ ಬ್ಯಾಕಿಂಗ್ ಶವರ್ ಬರ್ಬೇಕು, ಇಲ್ಲಾಂದ್ರೆ ಕಾಯಿ ನಿಲ್ಲೋದು ಕಷ್ಟ.

ಚಾರ್ಟ್ ಹೇಗಿತ್ತು ಅಂದ್ರೆ, ಫೆಬ್ರವರಿಯಿಂದ ಏಪ್ರಿಲ್ ತನಕ ವಾರಕ್ಕೊಂದು ನೀಲಿ ಕಂಬ. ಫೆಬ್ರವರಿ ಕೊನೇ ವಾರ ಒಂದು ಇಂಚಿಗಿಂತ ಸ್ವಲ್ಪ ಮೇಲೆ, ಮಾರ್ಚ್ ಎರಡನೇ ವಾರ ಒಂದು ಗಿಡ್ಡ ಕಂಬ, ಮೂರನೇ ವಾರ ಖಾಲಿ, ಏಪ್ರಿಲ್ ಶುರುವಲ್ಲಿ ಮುಕ್ಕಾಲು ಇಂಚಿನ ಆಸುಪಾಸು, ಕೊನೇ ಎರಡು ವಾರ ಎತ್ತರ. ಕಂಬದ ಮೇಲೆ ಅಂಕಿ ಇಲ್ಲ.

ಮೊದಲು ಬರೆದಿದ್ದು ಬಣ್ಣ, ಅಕ್ಷ, ಕಂಬಗಳ ಏರಿಳಿತ ಎಲ್ಲಾ ಇರೋ ಉದ್ದದ ಕರಡು. ದೊಡ್ಡಪ್ಪಂಗೆ ಕೇಳಿಸ್ದೆ. ಅವ್ರು ಕಣ್ಣು ಹೋದ್ಮೇಲೆ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ಇಟ್ಕೊಂಡೇ ಫೋನ್ ಓದೋರು, ಐವತ್ತು ವರ್ಷ ತೋಟ ಮಾಡಿದೋರು. ಅರ್ಧಕ್ಕೇ ನಿಲ್ಸಿ, "ನೀಲಿನೋ ಹಸಿರೋ ತಗೊಂಡು ನಾನೇನ್ ಮಾಡ್ಲಪ್ಪ, ಹೂಮಳೆ ಆದ್ಮೇಲೆ ಎರಡನೇ ಮಳೆ ಬಂತೋ ಇಲ್ವೋ ಅದ್ ಹೇಳು" ಅಂದ್ರು.

ಅಲ್ಲೇ ಸಿಕ್ಕಾಕೊಂಡಿದ್ದು. ಎರಡನೇ ಮಳೆ ಬರ್ಬೇಕಾಗಿದ್ದೇ ಆ ಮಾರ್ಚ್ ಮೂರನೇ ವಾರ, ಚಾರ್ಟಲ್ಲಿ ಅಲ್ಲೇ ಕಂಬ ಇಲ್ಲ. ಮಳೆ ಬರ್ಲಿಲ್ವಾ ಅಥವಾ ಯಾರೂ ಅಳೀಲಿಲ್ವಾ? ಸ್ಪ್ರೆಡ್‌ಶೀಟಲ್ಲಿ ಸೊನ್ನೆ ಹಾಕಿದ್ರೂ, ಸೆಲ್ ಖಾಲಿ ಬಿಟ್ರೂ ಕಂಬದ ಚಾರ್ಟಲ್ಲಿ ಎರಡೂ ಒಂದೇ ಥರ ಕಾಣ್ಸುತ್ತೆ. ಕಣ್ಣಿರೋರು ಅದನ್ನ ನೋಡಿ ಮಳೆ ಇಲ್ಲ ಅಂದ್ಕೊಂಡು ಮುಂದೆ ಹೋಗ್ತಾರೆ, ಆದ್ರೆ ಮಾತಲ್ಲಿ ಬರೆಯೋಕೆ ಹೋದ್ರೆ ಯಾವುದೋ ಒಂದು ಕ್ರಿಯಾಪದ ಹಾಕ್ಲೇಬೇಕಲ್ಲ. "ಮಳೆ ಬಂದಿಲ್ಲ" ಅಂತ ಬರೆದ್ರೆ ಚಿತ್ರದಲ್ಲಿ ಇಲ್ದಿರೋ ಮಾತನ್ನ ನಾನು ಸೇರಿಸ್ದಂಗೆ. ಬರೀದೇ ಬಿಟ್ರೆ ದೊಡ್ಡಪ್ಪ ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಇಲ್ಲ. ಕೇಳೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ಸರಿಯಾದ ವಾಕ್ಯ ಇದು: "ಮಾರ್ಚ್ ಮೂರನೇ ವಾರಕ್ಕೆ ಕಂಬ ಇಲ್ಲ, ಮಳೆ ಬಂದಿಲ್ವೋ ಅಳತೆ ಇಲ್ವೋ ಚಾರ್ಟ್‌ನಿಂದ ತಿಳಿಯಲ್ಲ." ಅಂಕಿಗೂ ಹಾಗೇ, ಕಂಬ ನೋಡಿ ಅಂದಾಜು ಮಾಡಿದ್ರೆ "ಸುಮಾರು" ಹಾಕ್ಲೇಬೇಕು.

ಕಳಿಸಿದೋರಿಗೆ ಫೋನ್ ಮಾಡಿ ಶೀಟ್ ತರಿಸ್ಕೊಂಡೆ. ಸೆಲ್ ಖಾಲಿ! ಆ ವಾರ ಅವ್ರು ಅಳತೇನೇ ತೆಗೆದಿಲ್ಲ. ಕಾರಣ ಕೇಳಿದ್ರೆ ಮೈ ಉರಿಯುತ್ತೆ: ಅಳತೆ ಜಾರ್ ಒಡೆದು ಹೊಸದು ತರಿಸಿದ್ರೆ, ಮಾರಿದೋನು 200 ಚದರ ಸೆಂಟಿಮೀಟರ್ ಬಾಯಿಯ ಮಳೆ ಗೇಜಿನ ಜಾರ್ ಕಳಿಸಿದಾನೆ, ಇವ್ರ ಗೇಜ್ 100ರದ್ದು. ಅದ್ರಲ್ಲಿ ಅಳೆದ್ರೆ ಬಿದ್ದ ಮಳೇಲಿ ಅರ್ಧನೇ ತೋರ್ಸುತ್ತೆ. ಸಣ್ಣ ಗೇಜಲ್ಲಿ 10 ಮಿಲಿಲೀಟರ್ ನೀರು ಅಂದ್ರೆ 1 ಮಿಲಿಮೀಟರ್ ಮಳೆ, ದೊಡ್ಡದ್ರಲ್ಲಿ 20 ಬೇಕು. ಗೇಜಿನ ಬಾಯಿ ಅಳತೆ ಕೇಳ್ದೆ ಜಾರ್ ಮಾರೋರಿಗೆ ಏನ್ ಹೇಳೋದು. ಇವ್ರು ಅದನ್ನ ಗಮನಿಸಿ, ತಪ್ಪು ಅಂಕಿ ಬರೆಯೋ ಬದ್ಲು ಖಾಲಿ ಬಿಟ್ಟಿದ್ದು ಮಾತ್ರ ದೊಡ್ಡ ಕೆಲಸ.

ಕೊನೆಗೆ ನಿಂತಿದ್ದು ಇದು:

```html
<img src="hoomale.png" alt="ಫೆಬ್ರವರಿಯಿಂದ
ಏಪ್ರಿಲ್‌ವರೆಗೆ ವಾರವಾರದ ಮಳೆ, ಕಂಬದ ಚಾರ್ಟ್.
ಹೂಮಳೆ ಫೆಬ್ರವರಿ ಕೊನೇ ವಾರ, 1 ಇಂಚು 10 ಸೆಂಟ್ಸ್.
ಮಾರ್ಚ್ ಎರಡನೇ ವಾರ ಬರೀ 15 ಸೆಂಟ್ಸ್; ಮೂರನೇ ವಾರ
ಅಳತೆ ತೆಗೆದಿಲ್ಲ. ಆಮೇಲೆ ಅಳತೆಗೆ ಸಿಕ್ಕ ಮಳೆ
ಏಪ್ರಿಲ್ ಮೊದಲ ವಾರ, 80 ಸೆಂಟ್ಸ್.
ಎಲ್ಲಾ ವಾರದ ಅಂಕಿ ಕೆಳಗಿನ ಟೇಬಲ್‌ನಲ್ಲಿ.">
```

"ಇದೊಂದು ಚಿತ್ರ" ಅಂತ ಶುರು ಮಾಡಿಲ್ಲ, ಚಿತ್ರ ಅನ್ನೋದನ್ನ ಸ್ಕ್ರೀನ್ ರೀಡರೇ ಹೇಳುತ್ತೆ. ಚಾರ್ಟ್ ಅನ್ನೋದು ಮಾತ್ರ ಇರ್ಬೇಕು, ಫೋಟೋನೋ ಗ್ರಾಫೋ ಅದಕ್ಕೆ ಗೊತ್ತಾಗಲ್ಲ. ಎಲ್ಲಾ ವಾರದ ಅಂಕಿ ಇಲ್ಲೇ ತುರುಕಿಲ್ಲ ಯಾಕಂದ್ರೆ ಆಲ್ಟ್ ಟೆಕ್ಸ್ಟ್ ಒಂದೇ ಉದ್ದ ದಾರದ ಥರ, ನಡುವೆ ಒಂದು ವಾರಕ್ಕೆ ಹಿಂದೆ ಹೋಗಿ ನೋಡೋಕಾಗಲ್ಲ. ಟೇಬಲ್ ಆದ್ರೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಬಳಸೋರು `Ctrl+Alt` ಜೊತೆ ಬಾಣದ ಕೀ ಒತ್ತಿ ಸೆಲ್ ಸೆಲ್ ಓಡಾಡ್ಬಹುದು, ಶೀರ್ಷಿಕೆ ಸೆಲ್‌ಗಳನ್ನ `th` ಮಾಡಿದ್ರೆ ಯಾವ ವಾರ ಅನ್ನೋದನ್ನೂ ಜೊತೆಗೆ ಹೇಳುತ್ತೆ. ಟೇಬಲಲ್ಲೂ ಆ ವಾರದ ಸೆಲ್ ಖಾಲಿ ಬಿಡ್ಬೇಡಿ, "ಅಳತೆ ಇಲ್ಲ" ಅಂತಾನೇ ಬರೀರಿ. ಶೀಟಲ್ಲಿ 1.10 ಅಂತಿದ್ದಿದ್ದನ್ನ "1 ಇಂಚು 10 ಸೆಂಟ್ಸ್" ಮಾಡ್ದೆ, ತೋಟದೋರು ಬಾಯಲ್ಲಿ ಹೇಳೋದೇ ಹಾಗೆ, ಇಂಚಿನ ನೂರನೇ ಒಂದು ಪಾಲು ಅಂದ್ರೆ ಒಂದು ಸೆಂಟ್.

ಫೋಟೋ ಬೇಗ ಆಯ್ತು, ಆದ್ರೆ ಅಲ್ಲೂ ಒಂದು ಗುಂಡಿ ಇತ್ತು. ಕೊಂಬೇಲಿ ಹೂ ಕಂದಾಗಿ ಬಾಡಿದೆ. "ಮಳೆ ಇಲ್ದೆ ಹೂ ಒಣಗಿದೆ" ಅಂತ ಬರೆಯೋಕೆ ಕೈ ತುರಿಸುತ್ತೆ, ಪ್ಯಾರಾ ಮಳೆ ಬಗ್ಗೆ ಇರೋದ್ರಿಂದ. ಆದ್ರೆ ಕಾಫಿ ಹೂ ಅರಳಿದ ಎರಡು ಮೂರು ದಿನಕ್ಕೆ ಹೆಂಗಿದ್ರೂ ಬಾಡೋದೇ, ಮಳೆ ಬಂದಿದ್ರೂ. ಕಾರಣ ಫೋಟೋದಲ್ಲಿ ಇಲ್ಲ. ಹಾಗಾಗಿ "ರೊಬಸ್ಟಾ ಕೊಂಬೆ ಹತ್ತಿರದಿಂದ, ಗೆಣ್ಣು ಗೆಣ್ಣಲ್ಲೂ ಹೂಗೊಂಚಲು ಬಾಡಿ ಕಂದಾಗಿದೆ, ಎಲೆ ಹಸಿರಾಗೇ ಇದೆ" ಅಂತ ನಿಲ್ಲಿಸ್ದೆ. ಹಿಂದೆ ಮಸುಕಾಗಿ ಒಬ್ರು ನಿಂತಿದಾರೆ, ಅವ್ರು ಈ ಮಾತಿಗೆ ಬೇಕಿಲ್ಲ, ಬಿಟ್ಟೆ. ಇದೇ ಫೋಟೋ ತೋಟದ ಕೆಲಸಗಾರರ ಬಗ್ಗೆ ಇರೋ ಪೇಜಿಗೆ ಹೋದ್ರೆ ಅವ್ರೇ ಮೊದಲು ಬರ್ತಾರೆ.

ಇದನ್ನ ಬರೀತಾ ಮುಂದಿನ ಪ್ರಾಜೆಕ್ಟ್ ತಲೇಲಿ ಕೂತ್ಬಿಡ್ತು: ಬೇಲೂರಿನ ಮದನಿಕೆಯರ ಫೋಟೋಗಳು. ದರ್ಪಣ ಸುಂದರಿಗೆ "ಕನ್ನಡಿ ನೋಡೋ ಹೆಂಗಸಿನ ಶಿಲ್ಪ" ಅಂದ್ರೆ ಏನ್ ಸಿಕ್ತು ಕೇಳೋರಿಗೆ? ಕನ್ನಡಿ ಯಾವ ಕೈಲಿ, ಸೊಂಟ ಎತ್ತ ಬಾಗಿದೆ, ತಲೆ ಮೇಲೆ ಎಲೆಬಳ್ಳಿ ಚಪ್ಪರ ಹೇಗೆ ಕವಿದಿದೆ, ಇವೆಲ್ಲ ಯಾವ ಕ್ರಮದಲ್ಲಿ ಬರ್ಬೇಕು, ಅದೇ ಒಂದು ಬೇರೆ ಲಾಗ್ ಆಗುತ್ತೆ.

ಅದಕ್ಕಿಂತ ಮುಂಚೆ ಚಾರ್ಟನ್ನೇ ಸರಿ ಮಾಡ್ಬೇಕು. ಆಲ್ಟ್ ಟೆಕ್ಸ್ಟ್ ಕೇಳೋರಿಗೆ "ಅಳತೆ ತೆಗೆದಿಲ್ಲ" ಅನ್ನೋದು ಸಿಗುತ್ತೆ, ಚಿತ್ರ ನೋಡೋರಿಗೆ ಈಗ್ಲೂ ಖಾಲಿ ಜಾಗಾನೇ. ಆ ವಾರದ ಜಾಗದಲ್ಲಿ ಬೂದು ಗೆರೆಪಟ್ಟಿ ಎಳೆದು ಮೇಲೆ "ಅಳತೆ ಇಲ್ಲ" ಅಂತ ಬರೆದು ಹೊಸ ಚಿತ್ರ ಕಳ್ಸಿ ಅಂದಿದೀನಿ, ಒಪ್ಪಿದಾರೆ, ಭಾನುವಾರ ಬರುತ್ತೆ.